ಊಟದ ಹಾಲ್‌ನಲ್ಲಿ ಸದ್ದಿಲ್ಲದೆ ಎದ್ದು ಹೋಗುವ ಗಿರಾಕಿ

ಊಟಕ್ಕೆ ಕೂತವರು ಕೆಮ್ಮಿದರೆ ನಮ್ಮ ಕಡೆ ಮೊದಲು ಬರುವ ಮಾತು "ನೆತ್ತಿಗೆ ಹತ್ತಿತು" ಅಂತ. ಪಕ್ಕದವರು ತಲೆ ಮೇಲೆ ಎರಡು ಸಲ ತಟ್ಟುತ್ತಾರೆ. ನೀರಿನ ಲೋಟ ಮುಂದೆ ತಳ್ಳುತ್ತಾರೆ. "ಯಾರೋ ನೆನೆಸ್ಕೊಳ್ತಿದ್ದಾರೆ" ಅಂತ ನಗುತ್ತಾರೆ. ಕಣ್ಣಲ್ಲಿ ನೀರು ಬರುತ್ತದೆ, ಮುಖ ಕೆಂಪಾಗುತ್ತದೆ, ಒಂದು ನಿಮಿಷಕ್ಕೆ ಎಲ್ಲ ಸರಿಹೋಗುತ್ತದೆ.

ಇದೇ ಅಭ್ಯಾಸ ಕೆಲವೊಮ್ಮೆ ಜೀವಕ್ಕೆ ಕುತ್ತು ತರುತ್ತದೆ. ನೆತ್ತಿಗೆ ಹತ್ತುವುದು ಬೇರೆ, ಗಂಟಲಲ್ಲಿ ತುತ್ತು ಸಿಕ್ಕಿಕೊಂಡು ಉಸಿರು ಕಟ್ಟುವುದು ಬೇರೆ. ಮೊದಲನೆಯದರಲ್ಲಿ ಗಲಾಟೆ ಇರುತ್ತದೆ. ಎರಡನೆಯದರಲ್ಲಿ ಸದ್ದೇ ಇರುವುದಿಲ್ಲ. ನಾನು ಬೆಂಗಳೂರಿನ ಹೋಟೆಲ್‌ಗಳಲ್ಲಿ ಊಟದ ಹಾಲ್ ನೋಡಿಕೊಂಡು ವರ್ಷಗಳನ್ನು ಕಳೆದವನು. ಈಗ ಹೊಸದಾಗಿ ಸೇರುವ ಸಪ್ಲೈಯರ್ ಹುಡುಗರಿಗೆ ಮೊದಲ ದಿನವೇ ಹೇಳುವುದು ಇಷ್ಟು: ಜೋರಾಗಿ ಕೆಮ್ಮುವ ಗಿರಾಕಿಯ ಮೇಲೆ ಒಂದು ಕಣ್ಣಿಡಿ, ಕೆಮ್ಮದೆ ಒದ್ದಾಡುವ ಗಿರಾಕಿಯ ಹತ್ತಿರ ಓಡಿ.

ಸದ್ದು ಯಾಕೆ ನಿಲ್ಲುತ್ತದೆ ಅನ್ನುವುದು ಗೊತ್ತಾದರೆ ಮುಂದಿನದೆಲ್ಲ ಸುಲಭ. ಅನ್ನನಾಳ, ಶ್ವಾಸನಾಳ ಎರಡರ ಬಾಯಿಯೂ ಗಂಟಲಲ್ಲಿ ಅಕ್ಕಪಕ್ಕದಲ್ಲೇ ಇವೆ. ನುಂಗುವಾಗ ಒಂದು ಸಣ್ಣ ಮುಚ್ಚಳ ಬಗ್ಗಿ ಶ್ವಾಸನಾಳಕ್ಕೆ ಅಡ್ಡ ಬರುತ್ತದೆ. ಬಾಯಲ್ಲಿ ತುತ್ತಿರುವಾಗ ನಕ್ಕರೆ, ಮಾತಾಡಿದರೆ, ಗಬಕ್ಕನೆ ಉಸಿರೆಳೆದರೆ ಈ ಲೆಕ್ಕ ತಪ್ಪುತ್ತದೆ. ಸಾರಿನ ಹನಿಯೋ ಅನ್ನದ ಅಗುಳೋ ಒಳಗೆ ಹೋದರೆ ಕೆಮ್ಮು ಅದನ್ನು ಹೊರಗೆ ಹಾಕುತ್ತದೆ. ಅದೇ ನೆತ್ತಿಗೆ ಹತ್ತುವುದು. ದೊಡ್ಡ ಮಾಂಸದ ತುಂಡು ಹೋಗಿ ಬಾಟಲಿಗೆ ಬಿರಡೆ ಹಾಕಿದ ಹಾಗೆ ಕೂತರೆ ಗಾಳಿ ಒಳಗೂ ಹೋಗಲ್ಲ, ಹೊರಗೂ ಬರಲ್ಲ. ಕೆಮ್ಮಬೇಕಾದರೂ, ಮಾತಾಡಬೇಕಾದರೂ, ಕೂಗಬೇಕಾದರೂ ಗಾಳಿ ಬೇಕಲ್ವಾ? ಅದಕ್ಕೇ ಆ ಮೌನ.

ಈ ಮೌನ ಡಾಕ್ಟರುಗಳನ್ನೂ ಏಮಾರಿಸಿತ್ತು. ಹೋಟೆಲಲ್ಲಿ ಊಟ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಕುಸಿದು ಸತ್ತರೆ ಅಮೆರಿಕದಲ್ಲಿ ಹಾರ್ಟ್ ಅಟ್ಯಾಕ್ ಅಂತಲೇ ಬರೆದುಬಿಡುತ್ತಿದ್ದರು. ಫ್ಲೋರಿಡಾದಲ್ಲಿ ಶವ ಪರೀಕ್ಷೆ ಮಾಡುತ್ತಿದ್ದ ರೋಜರ್ ಹೌಗನ್ ಎಂಬ ವೈದ್ಯರು 1963ರಲ್ಲಿ ಅಂಥ ಕೆಲವು ಸಾವುಗಳ ಬಗ್ಗೆ ಬರೆದರು. ಗಂಟಲಲ್ಲಿ ಸಿಕ್ಕಿದ್ದು ಸರಿಯಾಗಿ ಅಗಿಯದ ಮಾಂಸದ ತುಂಡು. ಅದಕ್ಕೆ ಅವರು ಇಟ್ಟ ಹೆಸರು 'ಕೆಫೆ ಕೊರೊನರಿ', ಅಂದರೆ ಹೋಟೆಲ್ ಟೇಬಲ್ಲಿನ ಹಾರ್ಟ್ ಅಟ್ಯಾಕ್. ಕುಡಿದಿರುವುದು, ಕಟ್ಟಿಸಿದ ಹಲ್ಲು, ದೊಡ್ಡ ತುಂಡು ಈ ಮೂರೂ ಸೇರಿದಾಗ ಅಪಾಯ ಜಾಸ್ತಿ. ಕುಡಿದಾಗ ಗಂಟಲಿನ ಎಚ್ಚರ ಮಂಕಾಗುತ್ತದೆ. ಹಲ್ಲಿನ ಸೆಟ್ ಬಾಯಿಯ ಮೇಲ್ಭಾಗವನ್ನು ಮುಚ್ಚುವುದರಿಂದ ತುತ್ತು ಎಷ್ಟು ದೊಡ್ಡದು ಅಂತ ನಾಲಗೆಗೆ ಸರಿಯಾಗಿ ತಿಳಿಯುವುದಿಲ್ಲ. ನಮ್ಮ ಊಟಕ್ಕೆ ನಾನು ಸೇರಿಸುವ ಮಾತು ಒಂದಿದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತಾರೆ. ಆ ಲಯದಲ್ಲೇ ಪಕ್ಕದ ಮಟನ್ ತುಂಡೂ ಜಾರಿ ಹೋಗಿಬಿಡುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜಯನಗರದ ಕಡೆ ಒಂದು ಹೋಟೆಲ್, ಮೊದಲ ಮಹಡಿಯಲ್ಲಿ ಫ್ಯಾಮಿಲಿ ಹಾಲ್. ಭಾನುವಾರ ಮಧ್ಯಾಹ್ನ 1 ಗಂಟೆ 40 ನಿಮಿಷ. ಆರು ಜನರ ಟೇಬಲ್. ಟೇಬಲ್ಲಿನ ತುದಿಯಲ್ಲಿ ಕೂತ ಯಜಮಾನರಿಗೆ ಅರವತ್ತೈದರ ಆಸುಪಾಸು, ಮೇಲಿನ ಹಲ್ಲು ಕಟ್ಟಿಸಿದ್ದು. ಮೊಮ್ಮಗ ಏನೋ ಹೇಳುತ್ತಾನೆ, ಅವರು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ. ಕೈ ಕುತ್ತಿಗೆಗೆ ಹೋಗುತ್ತದೆ. ಒಂದೆರಡು ಸೆಕೆಂಡ್ ಹಾಗೇ ಕೂತಿರುತ್ತಾರೆ. ಆಮೇಲೆ ಯಾರಿಗೂ ಏನೂ ಹೇಳದೆ ಎದ್ದು ಕೈ ತೊಳೆಯುವ ಕಡೆ ನಡೆಯುತ್ತಾರೆ.

ಇಲ್ಲೇ ನಾವು ಹೆಚ್ಚಾಗಿ ಸೋಲುವುದು. ಗಂಟಲಿಗೆ ಸಿಕ್ಕಿಕೊಂಡವರು ನಾಚಿಕೆಯಿಂದ ಎದ್ದು ಹೋಗುತ್ತಾರೆ. ಎಲ್ಲರ ಮುಂದೆ ಉಗುಳೋದು ಹೇಗೆ ಅಂತ. ಮನೆಯವರು ಕೈ ತೊಳೆಯೋಕೆ ಹೋದರು ಅಂದುಕೊಳ್ಳುತ್ತಾರೆ. ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಅಲ್ಲೇ ಬೀಳುತ್ತಾರೆ. ಅರ್ಧ ತಿಂದ ತಟ್ಟೆ ಬಿಟ್ಟು, ಮಾತಾಡದೆ, ಕುತ್ತಿಗೆ ಹಿಡಿದುಕೊಂಡು ವಾಷ್‌ರೂಮ್ ಕಡೆ ಹೋಗುವವರ ಹಿಂದೆ ಒಬ್ಬ ಹೋಗಲೇಬೇಕು. ಹತ್ತು ಸಲ ಸುಮ್ನೆ ಹೋಗಿ ಬಂದ ಹಾಗಾದರೂ ಪರವಾಗಿಲ್ಲ.

ನಮ್ಮ ಉದಾಹರಣೆಯಲ್ಲಿ ಪಾತ್ರೆ ಎತ್ತುತ್ತಿದ್ದ ಹುಡುಗ ನೋಡುತ್ತಾನೆ. ಬಾಗಿಲಿಗೆ ಮುಂಚೆಯೇ ಅಡ್ಡ ಹೋಗಿ ಕೇಳುತ್ತಾನೆ: "ಸರ್, ಗಂಟಲಿಗೆ ಸಿಕ್ಕಿಕೊಂಡಿದೆಯಾ? ಮಾತಾಡೋಕೆ ಆಗುತ್ತಾ?" ಈ ಪ್ರಶ್ನೆಯಲ್ಲೇ ಪರೀಕ್ಷೆಯೂ ಇದೆ. "ಆಗುತ್ತಪ್ಪಾ" ಅಂದರೆ ಗಾಳಿ ಓಡಾಡುತ್ತಿದೆ ಅಂತ ಅರ್ಥ. ಆಗ ಮೈ ಮುಟ್ಟಬೇಡಿ, ಬೆನ್ನಿಗೆ ಗುದ್ದಬೇಡಿ, "ಕೆಮ್ಮಿ ಸರ್, ಜೋರಾಗಿ ಕೆಮ್ಮಿ" ಅನ್ನಿ. ಅವರ ಕೆಮ್ಮಿಗಿರುವ ಬಲ ನಮ್ಮ ಕೈಗಿಲ್ಲ. ಆದರೆ ಅವರ ಪಕ್ಕ ಬಿಟ್ಟು ಹೋಗಬೇಡಿ. ಕೆಮ್ಮು ಸೋತು ಕೀರಲಾದರೆ, ಉಸಿರೆಳೆಯುವಾಗ ಸಿಳ್ಳೆಯಂಥ ಸದ್ದು ಬಂದರೆ ಅದು ಪೂರ್ತಿ ಕಟ್ಟುವುದರ ಮುನ್ಸೂಚನೆ.

ಯಜಮಾನರು ತಲೆ ಮಾತ್ರ ಆಡಿಸುತ್ತಾರೆ. ಬಾಯಿ ತೆರೆದಿದೆ, ಸ್ವರವಿಲ್ಲ. ಹುಡುಗ ಅಲ್ಲಿಂದಲೇ ಕೂಗುತ್ತಾನೆ: "ಅಣ್ಣಾ, ಗಂಟಲಿಗೆ ಸಿಕ್ಕಿದೆ, 108ಕ್ಕೆ ಮಾಡಿ!" ಗಲ್ಲಾದಲ್ಲಿ ಕೂತ ಕ್ಯಾಷಿಯರ್ ಫೋನ್ ಎತ್ತುತ್ತಾನೆ. ಇಲ್ಲಿಯವರೆಗೆ ಸುಮಾರು ಇಪ್ಪತ್ತು ಸೆಕೆಂಡ್.

ಮುಂದಿನ ಕೆಲಸ ಬೆನ್ನಿಗೆ ಹೊಡೆತ. ನಾವು ಸಾಮಾನ್ಯವಾಗಿ ನೆಟ್ಟಗೆ ನಿಂತವರ ಬೆನ್ನಿಗೇ ಗುದ್ದಿಬಿಡುತ್ತೇವೆ. ಹಾಗೆ ಮಾಡಿದರೆ ಸಡಿಲವಾದ ತುಂಡು ಇನ್ನೂ ಕೆಳಗೆ ಇಳಿಯಬಹುದು. ಮೊದಲು ಅವರನ್ನು ಮುಂದಕ್ಕೆ ಬಗ್ಗಿಸಬೇಕು. ಹುಡುಗ ಪಕ್ಕದಲ್ಲಿ, ಸ್ವಲ್ಪ ಹಿಂದೆ ನಿಲ್ಲುತ್ತಾನೆ. ಒಂದು ಕೈಯಿಂದ ಎದೆಗೆ ಆಸರೆ ಕೊಟ್ಟು, ಸೊಂಟದಿಂದ ಚೆನ್ನಾಗಿ ಬಗ್ಗಿಸುತ್ತಾನೆ. ಬಾಯಿ ನೆಲದ ಕಡೆ ಇರಬೇಕು. ಇನ್ನೊಂದು ಕೈಯ ಅಂಗೈ ಬುಡದಿಂದ ಎರಡು ರೆಕ್ಕೆ ಮೂಳೆಗಳ ನಡುವೆ ಬಲವಾಗಿ ಹೊಡೆಯುತ್ತಾನೆ. ಐದು ಸಲ. ಸಮಾಧಾನ ಮಾಡುವಾಗ ಬೆನ್ನು ತಟ್ಟುತ್ತೇವಲ್ಲ, ಆ ತರಹ ತಟ್ಟಿದರೆ ಪ್ರಯೋಜನವಿಲ್ಲ. ಒಂದೊಂದು ಹೊಡೆತವೂ ತುಂಡನ್ನು ಅಲುಗಿಸುವಂತಿರಬೇಕು. ಪ್ರತಿ ಹೊಡೆತಕ್ಕೂ ಹೊರಬಂತಾ ಅಂತ ನೋಡಬೇಕು. ಬಂದರೆ ಅಲ್ಲೇ ನಿಲ್ಲಿಸಬೇಕು, ಐದರ ಲೆಕ್ಕ ಮುಗಿಸಬೇಕಿಲ್ಲ.

ಬರಲಿಲ್ಲ ಅಂದರೆ ಹೊಟ್ಟೆ ಒತ್ತುವುದು. ಹಿಂದೆ ನಿಂತು, ಒಂದು ಕಾಲನ್ನು ಅವರ ಎರಡು ಕಾಲುಗಳ ನಡುವೆ ಇಟ್ಟುಕೊಳ್ಳಿ. ಅವರು ತಪ್ಪಿ ಬಿದ್ದರೆ ತೊಡೆಯ ಮೇಲೆ ಜಾರಿಸಿ ಇಳಿಸಬಹುದು. ಎರಡು ಕೈಯನ್ನೂ ಸೊಂಟದ ಸುತ್ತ ತನ್ನಿ. ಒಂದು ಕೈ ಮುಷ್ಟಿ ಮಾಡಿ, ಹೆಬ್ಬೆರಳಿನ ಕಡೆಯನ್ನು ಹೊಕ್ಕುಳಿಗಿಂತ ಮೇಲೆ, ಎದೆಮೂಳೆಯ ತುದಿಗಿಂತ ಸಾಕಷ್ಟು ಕೆಳಗೆ ಇಡಿ. ಇನ್ನೊಂದು ಕೈಯಿಂದ ಆ ಮುಷ್ಟಿ ಹಿಡಿದು ಒಳಕ್ಕೂ ಮೇಲಕ್ಕೂ ಒಂದೇ ಜಗ್ಗು. ಇದೂ ಐದು ಸಲ. ಎರಡು ಪಕ್ಕೆಯನ್ನೂ ತೋಳಿನಿಂದ ಅಮುಕಿ ಹಿಂಡುವುದಲ್ಲ, ಬಲವೆಲ್ಲ ಮುಷ್ಟಿಯಲ್ಲಿರಬೇಕು.

ಇದು ಕೆಲಸ ಮಾಡುವ ರೀತಿ ಚೆನ್ನಾಗಿದೆ. ಉಸಿರು ಬಿಟ್ಟ ಮೇಲೂ ದೊಡ್ಡವರ ಶ್ವಾಸಕೋಶದಲ್ಲಿ ಎರಡು ಲೀಟರಿಗಿಂತ ಜಾಸ್ತಿ ಗಾಳಿ ಉಳಿದಿರುತ್ತದೆ. ಹೊಟ್ಟೆ ಜಗ್ಗಿದಾಗ ಎದೆಗೂಡಿನ ಕೆಳಗಿನ ವಪೆ ಮೇಲಕ್ಕೆ ಹೋಗಿ ಆ ಗಾಳಿಯನ್ನು ಒತ್ತುತ್ತದೆ. ಗಾಳಿ ಬಿರಡೆಯನ್ನು ಕೆಳಗಿನಿಂದ ತಳ್ಳುತ್ತದೆ. ಅಮೆರಿಕದ ಹೆನ್ರಿ ಹೈಮ್‌ಲಿಕ್ 1974ರಲ್ಲಿ ಇದನ್ನು ಜನರ ಮುಂದಿಟ್ಟರು. ಬೆನ್ನಿಗೆ ಹೊಡೆಯುವುದನ್ನು ಅವರು ಕಟುವಾಗಿ ವಿರೋಧಿಸುತ್ತಿದ್ದರು. ಅಮೆರಿಕದಲ್ಲಿ ಬಹಳ ವರ್ಷ ದೊಡ್ಡವರಿಗೆ ಹೊಟ್ಟೆ ಒತ್ತುವುದನ್ನಷ್ಟೇ ಕಲಿಸಿದರು. ಯುರೋಪಿನಲ್ಲಿ ಬೆನ್ನಿನ ಹೊಡೆತವೇ ಮೊದಲಿತ್ತು. 2025ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ಐದು ಬೆನ್ನಿಗೆ, ಐದು ಹೊಟ್ಟೆಗೆ ಎಂಬ ಕ್ರಮಕ್ಕೇ ಬಂತು. ಹಳೇ ತರಬೇತಿ ಪಡೆದವರು ಹಾಲ್‌ನಲ್ಲಿ ವಾದಕ್ಕೆ ನಿಂತರೆ ಅಂತ ಇದನ್ನು ಹೇಳಿದೆ. ವಾದಕ್ಕೆ ಅಲ್ಲಿ ಸಮಯವಿಲ್ಲ.

ಬಸುರಿಯರಿಗೆ ಹೊಟ್ಟೆ ಒತ್ತಬಾರದು. ತುಂಬಾ ದಪ್ಪ ಇರುವವರಿಗೆ ತೋಳು ಸುತ್ತಲೂ ಬರುವುದಿಲ್ಲ. ಇವರಿಬ್ಬರಿಗೂ ಮುಷ್ಟಿಯನ್ನು ಎದೆಮೂಳೆಯ ನಡುವಿಗೆ ಇಟ್ಟು ನೇರವಾಗಿ ಹಿಂದಕ್ಕೆ ಜಗ್ಗಬೇಕು. ಒಂದು ವರ್ಷದೊಳಗಿನ ಕೂಸಾದರೆ ಹೊಟ್ಟೆಯ ತಂಟೆಗೇ ಹೋಗಬೇಡಿ. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವ ಹಾಗೆ ಹಿಡಿದು, ಐದು ಸಲ ಬೆನ್ನಿಗೆ. ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಒತ್ತು. ಅದಕ್ಕಿಂತ ದೊಡ್ಡ ಮಕ್ಕಳಿಗೆ ದೊಡ್ಡವರ ಕ್ರಮವೇ, ನೀವು ಮಂಡಿಯೂರಿ, ಬಲ ಕಡಿಮೆ ಮಾಡಿ.

ಈಗ ಸುತ್ತ ಜನ ಸೇರಿದ್ದಾರೆ. ಕ್ಯಾಪ್ಟನ್‌ಗೆ ಇರುವ ಕೆಲಸ ಅವರ ಕೈ ತಡೆಯುವುದು. ಒಬ್ಬರು ನೀರು ಹಿಡಿದು ನಿಂತಿರುತ್ತಾರೆ. ಕಟ್ಟಿದ ಗಂಟಲಿಗೆ ನೀರು ಹಾಕಿದರೆ ಅದು ಮೇಲೆ ನಿಂತು ಇನ್ನಷ್ಟು ಕೆಡಿಸುತ್ತದೆ. ಇನ್ನೊಬ್ಬರು "ಬಾಳೆಹಣ್ಣು ಕೊಡಿ, ಅನ್ನದ ಉಂಡೆ ನುಂಗಿಸಿ" ಅನ್ನುತ್ತಾರೆ. ಅದು ಮೀನಿನ ಮುಳ್ಳು ಚುಚ್ಚಿದಾಗ ಹೇಳುವ ಮನೆಮದ್ದು. ಮುಳ್ಳು ಚುಚ್ಚಿದವರು ನೋವಿದ್ದರೂ ಮಾತಾಡುತ್ತಾರೆ, ಉಸಿರಾಡುತ್ತಾರೆ. ಅವರು ನಿಧಾನವಾಗಿ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗಬಹುದು (ಉಂಡೆ ನುಂಗಿಸುವುದು ಅಲ್ಲಿಗೂ ಒಳ್ಳೆಯದಲ್ಲ). ಮೂರನೆಯವರು ಬಾಯಿಗೆ ಬೆರಳು ಹಾಕಲು ಬರುತ್ತಾರೆ. ಕಾಣದ ತುಂಡಿಗೆ ಬೆರಳು ಹಾಕಿದರೆ ಅದು ಒಳಕ್ಕೇ ಹೋಗುತ್ತದೆ.

ಯಜಮಾನರಿಗೆ ಐದು ಬೆನ್ನಿಗೆ, ಐದು ಹೊಟ್ಟೆಗೆ ಆಯಿತು. ಎರಡನೇ ಸುತ್ತು ನಡೆಯುತ್ತಿದೆ. ತುಟಿ ನೀಲಿಯಾಗಿದೆ. ಒಂದೂವರೆ ನಿಮಿಷ ದಾಟುವ ಹೊತ್ತಿಗೆ ಅವರ ಮೈ ಭಾರವಾಗಿ ಜೋಲುತ್ತದೆ.

ಇಲ್ಲಿ ನಿಯಮ ಬದಲಾಗುತ್ತದೆ. ಅವರನ್ನು ಹಿಡಿದು ನಿಲ್ಲಿಸಿಕೊಂಡು ಹೊಟ್ಟೆ ಒತ್ತುತ್ತಾ ಇರಬಾರದು. ತಲೆ ನೆಲಕ್ಕೆ ಬಡಿಯದಂತೆ ಮೆಲ್ಲಗೆ ಅಂಗಾತ ಮಲಗಿಸಬೇಕು. ಸೋಫಾ ಮೇಲಲ್ಲ, ಜೋಡಿಸಿದ ಕುರ್ಚಿ ಮೇಲಲ್ಲ, ಗಟ್ಟಿ ನೆಲದ ಮೇಲೆ. ಟೇಬಲ್ ಎಳೆದು ಎರಡೂ ಪಕ್ಕ ಮಂಡಿಯೂರುವಷ್ಟು ಜಾಗ ಮಾಡಬೇಕು. ಮೆದುಳಿಗೆ ಆಮ್ಲಜನಕ ಸಿಗದೆ ಈ ಹೊತ್ತಿಗೆ ಕೈಕಾಲು ಒಂದಿಷ್ಟು ಅದುರಬಹುದು. ಆಗ ಗುಂಪಿನಲ್ಲಿ ಒಬ್ಬರು ಖಂಡಿತ "ಫಿಟ್ಸು, ಫಿಟ್ಸು" ಅಂತ ಕೂಗಿ ಬೀಗದ ಕೈ ಗೊಂಚಲನ್ನು ಅಂಗೈಗೆ ತುರುಕುತ್ತಾರೆ. ಫಿಟ್ಸಿಗೂ ಅದರಿಂದ ಏನೂ ಆಗುವುದಿಲ್ಲ, ಇಲ್ಲಂತೂ ಇದ್ದ ಒಂದು ನಿಮಿಷ ಹಾಳಾಗುತ್ತದೆ. ಹಾಗೆಯೇ ಮೀನು ನೀರಿನಿಂದ ಹೊರಬಿದ್ದಂತೆ ಆಗೊಮ್ಮೆ ಈಗೊಮ್ಮೆ ಬಾಯಿ ಬಿಡುವುದನ್ನು ಉಸಿರಾಟ ಅಂದುಕೊಳ್ಳಬೇಡಿ.

ತಕ್ಷಣ ಎದೆ ಒತ್ತಲು ಶುರು. ನಾಡಿ ಹುಡುಕುತ್ತಾ ಕೂರುವುದು ಬೇಡ. ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ನೆಟ್ಟಗೆ. ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ವೇಗ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಹೃದಯ ನಿಂತವರಿಗೆ ಮಾಡುವ ಸಿಪಿಆರ್ ಇದೇ, ಒಂದೇ ವ್ಯತ್ಯಾಸ. ಮೂವತ್ತು ಒತ್ತು ಆದ ಮೇಲೆ ಬಾಯಿ ತೆರೆದು ನೋಡಬೇಕು. ತುಂಡು ಕಣ್ಣಿಗೆ ಕಂಡರೆ ಮಾತ್ರ ತೆಗೆಯಬೇಕು. ಎದೆ ಒತ್ತಿದಾಗಲೂ ಒಳಗಿನ ಗಾಳಿ ಬಿರಡೆಯನ್ನು ತಳ್ಳುತ್ತದೆ. ನಿಂತಿದ್ದಾಗ ಅಲ್ಲಾಡದ ತುಂಡು ಇಲ್ಲಿ ಬಾಯಿಗೆ ಬರುವುದುಂಟು.

ಬಾಯಿಯಿಂದ ಉಸಿರು ಕೊಡುವುದರ ಬಗ್ಗೆ ಒಂದು ಗೊಂದಲ ಇದೆ. ನಮ್ಮ ದೇಶದ ಅರಿವಳಿಕೆ ವೈದ್ಯರ ಸಂಘ ಜನಸಾಮಾನ್ಯರಿಗಾಗಿ 2017ರಲ್ಲಿ ತಂದ ಕ್ರಮದಲ್ಲಿ ಎದೆ ಒತ್ತುವುದಷ್ಟೇ ಇದೆ. ಕಲಿಯಲು ಸುಲಭ, ಯಾರೂ ಹಿಂಜರಿಯಲ್ಲ ಅಂತ. ಹೃದಯ ಇದ್ದಕ್ಕಿದ್ದಂತೆ ನಿಂತರೆ ರಕ್ತದಲ್ಲಿ ಇನ್ನೂ ಸ್ವಲ್ಪ ಹೊತ್ತಿಗಾಗುವ ಆಮ್ಲಜನಕ ಇರುತ್ತದೆ, ಹಾಗಾಗಿ ಅದು ನಡೆಯುತ್ತದೆ. ಉಸಿರು ಕಟ್ಟಿ ಬಿದ್ದವರಲ್ಲಿ ಮೊದಲು ಖಾಲಿಯಾಗಿರುವುದೇ ಅದು. ಅದಕ್ಕೆ ತರಬೇತಿ ಇದ್ದವರು ಮೂವತ್ತಕ್ಕೆ ಎರಡು ಉಸಿರು ಕೊಡುವುದು ಒಳ್ಳೆಯದು. ಬರದವರು ನಿಲ್ಲಿಸದೆ ಎದೆ ಒತ್ತುತ್ತಾ ಇರಲಿ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. "ನನಗೇನೂ ಸುಸ್ತಾಗಿಲ್ಲ" ಅನ್ನುವ ಹುಡುಗನ ಒತ್ತು ಆಗಲೇ ಅರ್ಧಕ್ಕೆ ಇಳಿದಿರುತ್ತದೆ, ಅವನಿಗೆ ಗೊತ್ತಾಗುವುದಿಲ್ಲ.

ದೊಡ್ಡ ಹೋಟೆಲ್‌ಗಳ ಲಾಬಿಯಲ್ಲಿ ಹೃದಯಕ್ಕೆ ಶಾಕ್ ಕೊಡುವ ಎಇಡಿ ಮೆಷೀನ್ ಇದ್ದರೆ ಒಬ್ಬ ಓಡಿ ತರಲಿ. ಹಚ್ಚಿದರೆ ಶಾಕ್ ಬೇಕೋ ಬೇಡವೋ ಅಂತ ಅದೇ ಹೇಳುತ್ತದೆ. ಲಾಬಿಯಲ್ಲೇ ಯಾರಾದರೂ ಬಿದ್ದು ಸಿಕ್ಕರೆ, ಬೀಳುವುದನ್ನು ಯಾರೂ ನೋಡಿಲ್ಲದಿದ್ದರೆ, ಕಾರಣ ಹುಡುಕುವುದು ನಮ್ಮ ಕೆಲಸವಲ್ಲ. ಭುಜ ಅಲುಗಿಸಿ ಕೂಗಿ, ಉಸಿರು ನೋಡಿ, ಇಲ್ಲದಿದ್ದರೆ ಎದೆ ಒತ್ತಿ.

ಈಗ ಗಲ್ಲಾ ಕಡೆ ನೋಡೋಣ. ಕ್ಯಾಷಿಯರ್ 108ಕ್ಕೆ ಮಾಡಿದಾಗ ಹೇಳಬೇಕಾದ್ದು ಕಡಿಮೆ. ಆದರೆ ಬೆಂಗಳೂರಿನಲ್ಲಿ ವಿಳಾಸವೇ ಎಡವಟ್ಟು. ನಾಲ್ಕನೇ ಬ್ಲಾಕ್ ಜಯನಗರದಲ್ಲೂ ಇದೆ, ರಾಜಾಜಿನಗರದಲ್ಲೂ ಇದೆ, ಕೋರಮಂಗಲದಲ್ಲೂ ಇದೆ. ಮೇನು, ಕ್ರಾಸುಗಳ ನಂಬರಂತೂ ಊರೆಲ್ಲ ಒಂದೇ. ಗಾಬರಿಯಲ್ಲಿ "ನಾಲ್ಕನೇ ಬ್ಲಾಕ್, ಹನ್ನೊಂದನೇ ಮೇನ್" ಅಂತ ಅಂದುಬಿಟ್ಟರೆ ಅತ್ತ ಕಡೆಯವರು ಮತ್ತೆ ಕೇಳಬೇಕಾಗುತ್ತದೆ. ಬಡಾವಣೆ ಹೆಸರು ಮೊದಲು, ಆಮೇಲೆ ಬ್ಲಾಕು, ಮೇನು, ಎದುರಿಗೆ ಕಾಣುವ ಗುರುತು, ಎಷ್ಟನೇ ಮಹಡಿ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿಟ್ಟರೆ ಹೊಸಬನೂ ಓದಿ ಹೇಳುತ್ತಾನೆ. ನಂತರ "ಗಂಟಲಿಗೆ ಊಟ ಸಿಕ್ಕಿ ಉಸಿರು ಕಟ್ಟಿದೆ, ಪ್ರಜ್ಞೆ ಇದೆ" ಅಥವಾ "ಪ್ರಜ್ಞೆ ಇಲ್ಲ, ಎದೆ ಒತ್ತುತ್ತಿದ್ದೇವೆ". ಅವರು ಇಡಿ ಅನ್ನುವವರೆಗೆ ಫೋನ್ ಇಡಬಾರದು.

ಒಬ್ಬ ಗೇಟಿನ ಹತ್ತಿರ ನಿಂತು ಕೈ ಬೀಸಲಿ. ಇನ್ನೊಬ್ಬ ಲಿಫ್ಟ್ ಹಿಡಿದಿರಲಿ. ಗಿರಾಕಿಗಳ ಸಣ್ಣ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುತ್ತಾ, ಇಲ್ಲಾ ಸಾಮಾನಿನ ಲಿಫ್ಟೇ ಬೇಕಾ ಅನ್ನುವುದು ಆ ದಿನ ಗೊತ್ತಾಗಬಾರದು. ಮುಂಚೆಯೇ ಟೇಪ್ ಹಿಡಿದು ನೋಡಿರಬೇಕು.

ನಮ್ಮ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ನಾಲ್ಕು ನಿಮಿಷಕ್ಕೆ ಬರುತ್ತದೆ ಅಂತ ನಂಬಿ ಕೂರಬೇಡಿ. ಮೆದುಳು ಆಮ್ಲಜನಕವಿಲ್ಲದೆ ತಡೆಯುವುದು ಹೆಚ್ಚೂಕಡಿಮೆ ಅಷ್ಟೇ ಹೊತ್ತು. ನಾಲ್ಕರಿಂದ ಆರು ನಿಮಿಷಕ್ಕೆ ಹಾನಿ ಶುರುವಾಗುತ್ತದೆ. ಹಾಗಂತ "ಆಟೋಗೆ ಹಾಕಿ, ಆಸ್ಪತ್ರೆ ಇಲ್ಲೇ ಇದೆ" ಅನ್ನುವ ಮಾತಿಗೂ ನಾನು ಒಪ್ಪಲ್ಲ. ಮೆಟ್ಟಿಲಿಳಿಸಿ, ಸೀಟಿಗೆ ಮಡಚಿ ಹಾಕಿ, ಸಿಗ್ನಲ್ ದಾಟುವಷ್ಟರಲ್ಲಿ ಎದೆ ಒತ್ತುವವರು ಯಾರು? ಗಂಟಲು ಕಟ್ಟಿರುವವರೆಗೆ ಚಿಕಿತ್ಸೆ ಆ ಹಾಲ್‌ನ ನೆಲದ ಮೇಲೆಯೇ. ತುಂಡು ಹೊರಬಂದು, ಮಾತಾಡುತ್ತಿದ್ದರೆ ಆಗ ಯಾವ ಗಾಡಿಯಲ್ಲಾದರೂ ಹೋಗಲಿ.

"ಏನಾದ್ರೂ ಆದ್ರೆ ನಮ್ಮ ತಲೆಗೆ ಬರುತ್ತಾ ಸರ್?" ಅಂತ ಹುಡುಗರು ಕೇಳುತ್ತಾರೆ. ಪ್ರಜ್ಞೆ ಇಲ್ಲದವರ ಒಪ್ಪಿಗೆ ಕೇಳಲಾಗದಿದ್ದಾಗ, ಅವರ ಒಳ್ಳೆಯದಕ್ಕಾಗಿ ಸದುದ್ದೇಶದಿಂದ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ರಕ್ಷಣೆ ಕೊಡುತ್ತದೆ. ಹಳೇ ಐಪಿಸಿಯಲ್ಲಿ ಅದು 92 ಆಗಿತ್ತು. ಪ್ರಜ್ಞೆ ಇದ್ದವರಿಗೆ ಮಾತ್ರ "ನಾನು ಸಹಾಯ ಮಾಡ್ತೀನಿ ಸರ್" ಅಂತ ಹೇಳಿಯೇ ಕೈ ಹಾಕಿ.

ನಮ್ಮ ಯಜಮಾನರ ಕಥೆಗೆ ಬರೋಣ. ಮೂವತ್ತು ಒತ್ತು ಎರಡನೇ ಸಲ ಮುಗಿದಾಗ ಬಾಯಲ್ಲಿ ತುಂಡು ಕಾಣುತ್ತದೆ, ಹೆಬ್ಬೆರಳಿನ ಗಾತ್ರದ್ದು. ಕ್ಯಾಪ್ಟನ್ ತೆಗೆಯುತ್ತಾನೆ. ಎದೆ ಒಮ್ಮೆ ಜೋರಾಗಿ ಉಬ್ಬುತ್ತದೆ, ಮತ್ತೊಮ್ಮೆ ಉಬ್ಬುತ್ತದೆ. ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸುತ್ತಾರೆ, ವಾಂತಿ ಬಂದರೆ ಮತ್ತೆ ಒಳಗೆ ಹೋಗಬಾರದು. ಆಂಬುಲೆನ್ಸ್ ಬರುವವರೆಗೂ ಒಬ್ಬ ಉಸಿರನ್ನೇ ನೋಡುತ್ತಾ ಕೂರುತ್ತಾನೆ.

ಎಚ್ಚರವಾದ ಮೇಲೆ ಅವರ ಮೊದಲ ಮಾತು "ಏನೂ ಬೇಡಪ್ಪ, ಸರಿಹೋಯ್ತು, ಮನೆಗೆ ಹೋಗ್ತೀವಿ" ಅನ್ನುವುದೇ ಆಗಿರುತ್ತದೆ. ಹೋಗಲು ಬಿಡಬಾರದು. ಹೊಟ್ಟೆ ಒತ್ತಿಸಿಕೊಂಡವರ ಒಳಗೆ ಲಿವರ್, ಗುಲ್ಮ, ಹೊಟ್ಟೆಯ ಇನ್ಯಾವುದೋ ಭಾಗಕ್ಕೆ ಪೆಟ್ಟಾಗಿರಬಹುದು. ಎದೆ ಒತ್ತಿಸಿಕೊಂಡವರ ಪಕ್ಕೆಲುಬು ಬಿರುಕು ಬಿಟ್ಟಿರಬಹುದು. ಪ್ರಜ್ಞೆ ತಪ್ಪದೆ, ಎರಡೇ ಜಗ್ಗಿಗೆ ಸರಿಹೋದವರೂ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಚೂರು ಒಳಗೆ ಉಳಿದಿದ್ದರೆ ಕೆಮ್ಮು ನಿಲ್ಲುವುದಿಲ್ಲ, ಒಂದೆರಡು ದಿನದಲ್ಲಿ ಜ್ವರ ಬರುತ್ತದೆ. ಮನೆಯವರಿಗೆ ಇದನ್ನು ಬಿಡಿಸಿ ಹೇಳಿ.

ಆಂಬುಲೆನ್ಸ್‌ನವರ ಕೈಗೆ ಕೆಒಟಿ ಚೀಟಿಯ ಹಿಂದೆ ಬರೆದು ಕೊಡಿ: ಏನು ಸಿಕ್ಕಿತ್ತು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಹೊಟ್ಟೆ ಒತ್ತಿದ್ದೀರಾ, ಎದೆ ಒತ್ತಿದ್ದೀರಾ. ಕಟ್ಟಿಸಿದ ಹಲ್ಲು ಬಿದ್ದಿದ್ದರೆ ಅದನ್ನೂ ಕೊಡಿ. ಸೆಟ್ ಕಾಣದಿದ್ದರೆ ಅದನ್ನು ತಪ್ಪದೆ ಹೇಳಿ, ಗಂಟಲೊಳಗೆ ಹೋಗಿದೆಯಾ ಅಂತ ಅವರು ಹುಡುಕಬೇಕಾಗುತ್ತದೆ. ಬಿಲ್ ವಿಷಯ ಯಾರೂ ಎತ್ತಬೇಡಿ. ಒಂದು ಕಡೆ ಎತ್ತಿದ್ದನ್ನು ನಾನೇ ಕಂಡಿದ್ದೇನೆ, ಅದಕ್ಕೆ ಹೇಳಿದೆ.

ಸಂಜೆ ಹಾಲ್ ಖಾಲಿಯಾದ ಮೇಲೆ ಹುಡುಗರನ್ನು ನಿಲ್ಲಿಸಿ ಬಗ್ಗಿಸುವುದು, ಅಂಗೈ ಇಡುವ ಜಾಗ, ಮುಷ್ಟಿಯ ಜಾಗ ಅಭ್ಯಾಸ ಮಾಡಿಸಿ. ಒಬ್ಬರ ಮೇಲೊಬ್ಬರು ನಿಜವಾಗಿ ಜಗ್ಗುವುದು ಬೇಡ, ಜಗ್ಗುವ ಅಭ್ಯಾಸಕ್ಕೆ ತರಬೇತಿಯವರ ಬೊಂಬೆ ಬೇಕು. ಆಮೇಲೆ ವಾಷ್‌ರೂಮಿನ ಬಾಗಿಲುಗಳನ್ನು ನೋಡಿ. ಒಳಗಿನ ಚಿಲಕವನ್ನು ಹೊರಗಿನಿಂದ ನಾಣ್ಯ ತಿರುಗಿಸಿ ತೆಗೆಯುವ ತರಹದ್ದು ಸಿಗುತ್ತದೆ. ಹಳೇ ಚಿಲಕ ತೆಗೆಸಿ ಅದನ್ನು ಹಾಕಿಸಿ.